ಆಫರ್ ಬೇಡ ಅಂದ ಮೇಲೂ ಫೋನ್ ಬಂತು

ಮೊದಲ ಸಲ ಒಂದು ಕೆಲಸದ ಆಫರ್ ಬೇಡ ಅನ್ನಬೇಕಾಗಿ ಬಂದಾಗ ಹೇಗೆ ಹೇಳುವುದೆಂದು ತಿಳಿಯದೆ ಆರು ದಿನ ಸುಮ್ಮನಿದ್ದೆ. ರಿಕ್ರೂಟರ್ ಎರಡು ಸಲ ಫೋನ್ ಮಾಡಿದರು, ನಾನು ಎತ್ತಲಿಲ್ಲ. ಕೊನೆಗೆ ಎರಡು ಸಾಲಿನ ಮೇಲ್ ಹಾಕಿ ಕೈ ತೊಳೆದುಕೊಂಡೆ. ಆಮೇಲೆ ಅವರಿಂದ ಒಂದು ಮೆಸೇಜೂ ಬರಲಿಲ್ಲ.

ನೇಮಕಾತಿಯಲ್ಲೇ ಕೆಲಸ ಮಾಡುವ ಗೆಳತಿ ಇದನ್ನು ಕೇಳಿ ಬೈದಳು. "ನೀನು ಬೇಡ ಅಂದಿದ್ದಕ್ಕೆ ಯಾರಿಗೂ ಸಿಟ್ಟಿಲ್ಲ ಕಣೋ, ತಡ ಮಾಡಿದ್ದಕ್ಕೆ ಸಿಟ್ಟು." ಆಫರ್ ಕಳಿಸಿದ ಮೇಲೂ ಎರಡನೇ ಸ್ಥಾನದಲ್ಲಿದ್ದವರಿಗೆ ಸಾಮಾನ್ಯವಾಗಿ ಕೆಲವು ದಿನ ಏನೂ ಹೇಳಿರುವುದಿಲ್ಲವಂತೆ. ನಾವು ಬೇಗ ತಿಳಿಸಿದರೆ ಅವರನ್ನು ಕರೆಯಬಹುದು. ಎಳೆದಾಡಿದರೆ ಅವರೂ ಬೇರೆಡೆ ಸೇರಿರುತ್ತಾರೆ, ಹುಡುಕಾಟ ಮತ್ತೆ ಮೊದಲಿನಿಂದ.

ಎರಡನೇ ಸಲ ನನ್ನ ಕೈಯಲ್ಲಿ ಎರಡು ಆಫರ್ ಇದ್ದವು. ಒಂದರಲ್ಲಿ ಸಂಬಳ ಚೆನ್ನಾಗಿತ್ತು, ಆದರೆ ಒಬ್ಬನೇ ಕೂತು ವರದಿ ತಯಾರಿಸುವ ಕೆಲಸ. ಇನ್ನೊಂದರಲ್ಲಿ ಐದು ಜನರ ಟೀಮ್ ನಡೆಸಬೇಕಿತ್ತು. ರಾತ್ರಿ ನಿರ್ಧಾರ ಮಾಡಿದೆ, ಬೆಳಗ್ಗೆ ಹತ್ತಕ್ಕೆ ವರದಿ ಕೆಲಸದ ರಿಕ್ರೂಟರ್‌ಗೆ ಫೋನ್ ಮಾಡಿದೆ. ಮೇಲ್ ಆಮೇಲೆ.

"ನಿಮ್ಮ ಆಫರ್ ತಗೊಳ್ತಾ ಇಲ್ಲ. ಮೊದಲು ನಿಮಗೇ ಹೇಳೋಣ ಅಂತ ಫೋನ್ ಮಾಡಿದೆ," ಎಂದೆ. ಅವರು ತಕ್ಷಣ ಕೇಳಿದರು: "ಸಂಬಳದ ವಿಷಯಾನಾ? ಮಾತಾಡಿ ನೋಡ್ತೀನಿ."

ಇಲ್ಲೇ ಜಾರುವುದು. ಮುಜುಗರಕ್ಕೆ "ಹೂಂ, ಸ್ವಲ್ಪ ಕಡಿಮೆ" ಅಂದುಬಿಟ್ಟರೆ ಅವರು ಮ್ಯಾನೇಜರ್ ಹತ್ತಿರ ಹೋಗಿ, ವಾದ ಮಾಡಿ, ಹೆಚ್ಚು ಮಾಡಿಸಿಕೊಂಡು ಬರುತ್ತಾರೆ. ಆಗಲೂ ನಾವು ಬೇಡ ಅಂದರೆ ಅವರ ಮುಖಕ್ಕೆ ಮಸಿ ಬಳಿದ ಹಾಗೆ, ಅಲ್ವಾ? ಅದಕ್ಕೆ ಇದ್ದದ್ದನ್ನೇ ಹೇಳಿದೆ: "ಸಂಬಳ ಕಾರಣ ಅಲ್ಲ. ನನಗೆ ಟೀಮ್ ನಡೆಸೋ ಕೆಲಸ ಬೇಕಿತ್ತು, ಅದು ಸಿಕ್ಕಿದೆ." ಆ ಕಂಪನಿಯ ಹೆಸರು ಹೇಳಲಿಲ್ಲ, ಅವರೂ ಒತ್ತಾಯಿಸಲಿಲ್ಲ. ಆಫರ್ ಯಾಕೆ ಬೇಡ ಅಂದರು ಅನ್ನುವುದನ್ನು ಅವರು ಸಾಮಾನ್ಯವಾಗಿ ನಮ್ಮ ಹೆಸರಿನ ಮುಂದೆ ಬರೆದಿಟ್ಟುಕೊಳ್ಳುತ್ತಾರೆ. "ವೈಯಕ್ತಿಕ ಕಾರಣ" ಅಂತ ಬರೆಸಿದರೆ ಮುಂದೆ ಯಾವ ಕೆಲಸಕ್ಕೆ ಕರೆಯಬೇಕೆಂದು ಅವರಿಗೆ ಹೇಗೆ ಗೊತ್ತಾಗಬೇಕು?

ಅರ್ಧ ಗಂಟೆಯೊಳಗೆ ಮೇಲ್ ಕಳಿಸಿದೆ. ಮ್ಯಾನೇಜರ್‌ಗೆ ತೋರಿಸಲು ಅವರಿಗೆ ಬರಹದಲ್ಲಿ ಬೇಕಲ್ಲ.

"ಫೋನಿನಲ್ಲಿ ಹೇಳಿದಂತೆ, ಈ ಆಫರ್ ಒಪ್ಪಿಕೊಳ್ಳುತ್ತಿಲ್ಲ. ಟೀಮ್ ಮುನ್ನಡೆಸುವ ಕೆಲಸವೊಂದನ್ನು ಆರಿಸಿಕೊಂಡಿದ್ದೇನೆ. ಸಂದರ್ಶನದ ದಿನವನ್ನು ನನಗಾಗಿ ಎರಡು ಸಲ ಬದಲಿಸಿದಿರಿ, ಅದಕ್ಕೆ ಧನ್ಯವಾದ. ಮುಂದೆ ಅಂಥ ಕೆಲಸ ಬಂದರೆ ಖಂಡಿತ ತಿಳಿಸಿ."

"ಸದ್ಯಕ್ಕೆ", "ಬಹುಶಃ" ಎಂಬ ಮಾತು ಬೇಕೆಂದೇ ಬಿಟ್ಟೆ. ಅವು ಇದ್ದರೆ ಇನ್ನೂ ಚೌಕಾಸಿ ಮಾಡಬಹುದು ಅಂದುಕೊಳ್ಳುತ್ತಾರೆ. ಒಪ್ಪಿಕೊಂಡು ಸಹಿ ಹಾಕಿದ ಮೇಲೆ ಬೇಡ ಅನ್ನುವುದು ಬೇರೆಯೇ ಕಥೆ. ಅಲ್ಲಿ ಇಂಥ ಫೋನ್, ಮೇಲ್ ಅಷ್ಟು ಕೆಲಸ ಮಾಡಲಿಕ್ಕಿಲ್ಲ.

ನಾಲ್ಕು ತಿಂಗಳ ನಂತರ ಹಳೆಯ ಸಹೋದ್ಯೋಗಿಯೊಬ್ಬ ಕೆಲಸ ಹುಡುಕುತ್ತಿದ್ದ. ಅವನನ್ನು ಕೇಳಿಯೇ ಅವನ ನಂಬರ್ ಆ ರಿಕ್ರೂಟರ್‌ಗೆ ಕೊಟ್ಟೆ. ಹನ್ನೊಂದನೇ ತಿಂಗಳಿಗೆ ಅವರದೇ ಫೋನ್: "ಟೀಮ್ ನಡೆಸೋ ಕೆಲಸ ಬೇಕು ಅಂದಿದ್ರಲ್ಲ, ಒಂದು ಬಂದಿದೆ. ಈಗ ಮಾತಾಡಬಹುದಾ?"