ಮನೆಯ ಒಂದೇ ಕಂಪ್ಯೂಟರಿನಲ್ಲಿ 4800 ಫ್ರೇಮ್: ರೆಂಡರ್ ಲೆಕ್ಕ ಹಾಕಿದ್ದು ಹೀಗೆ

ಮೂರು ನಿಮಿಷ ಇಪ್ಪತ್ತು ಸೆಕೆಂಡಿನ 3ಡಿ ಅನಿಮೇಷನ್ ಕಿರುಚಿತ್ರ, ಸೆಕೆಂಡಿಗೆ 24ರಂತೆ 4800 ಫ್ರೇಮ್, ಪೂರ್ತಿ 1920×1080, ಪೂರ್ತಿ ಬ್ಲೆಂಡರಿನ ಸೈಕಲ್ಸ್ ರೆಂಡರರಿನಲ್ಲಿ. ಇದನ್ನು ಒಂದೇ ಆರ್‌ಟಿಎಕ್ಸ್ 3060 ಕಾರ್ಡಿನಲ್ಲಿ (12 ಜಿಬಿ) ತಿಂಗಳೊಳಗೆ ಮುಗಿಸುತ್ತೇನೆ ಎಂದಾಗ ನಂಬಿದವರು ಕಡಿಮೆ. ಕ್ಲೌಡ್ ಫಾರ್ಮ್‌ಗೆ ಹಾಕು ಅಂದವರೇ ಹೆಚ್ಚು. ಅದರ ಅಂದಾಜು 35 ಸಾವಿರದ ಹತ್ತಿರ ಬಂದಿತ್ತು. ನನ್ನ ಸೆಕೆಂಡ್‌ಹ್ಯಾಂಡ್ ಕಾರ್ಡಿಗೆ ಬಿದ್ದದ್ದು ಇಪ್ಪತ್ತು ಸಾವಿರದ ಆಸುಪಾಸು. ಕೆಲಸ 29 ರಾತ್ರಿಗಳಲ್ಲಿ ಮುಗಿಯಿತು, ಲೆಕ್ಕ ಹೆಚ್ಚುಕಡಿಮೆ ಹಾಕಿದ ಹಾಗೇ ಬಂತು. ಬ್ಲೆಂಡರ್ 4.2 ಬಳಸಿದ್ದೆ. ಅಂಕಿಗಳೆಲ್ಲ ನೆನಪಿನಿಂದ, ಒಂದಿಷ್ಟು ಆಚೀಚೆ ಇರಬಹುದು.

ಲೆಕ್ಕ ಶುರು ಮಾಡಿದ್ದು ದೃಶ್ಯದಿಂದಲ್ಲ, ಗಡಿಯಾರದಿಂದ. ರಾತ್ರಿ ಹತ್ತರಿಂದ ಬೆಳಿಗ್ಗೆ ಏಳರವರೆಗೆ ಒಂಬತ್ತು ಗಂಟೆ, ಮೂವತ್ತು ರಾತ್ರಿಗೆ 270 ಗಂಟೆ. ಇದರಲ್ಲಿ ಅರ್ಧವನ್ನು ಮೊದಲೇ ತೆಗೆದಿಟ್ಟೆ. ಮರು ರೆಂಡರ್, ಟೆಸ್ಟ್, ಕರೆಂಟ್ ಹೋಗುವುದು, ಎಲ್ಲವೂ ಆ ಅರ್ಧದಲ್ಲಿ ಮುಗಿಯಬೇಕು. ಮೊದಲ ಚಿತ್ರಕ್ಕೆ ಶೇಕಡಾ 15 ಮಾತ್ರ ಇಟ್ಟುಕೊಂಡಿದ್ದೆ, ಅದು ಮೊದಲ ವಾರದಲ್ಲೇ ಖಾಲಿಯಾಗಿತ್ತು. ಉಳಿದ 135 ಗಂಟೆಯನ್ನು 4800ಕ್ಕೆ ಹಂಚಿದರೆ ಫ್ರೇಮಿಗೆ ಸುಮಾರು 100 ಸೆಕೆಂಡ್.

ಎಲ್ಲ ಷಾಟಿಗೂ ನೂರು ಸೆಕೆಂಡ್ ಹಂಚುವುದು ಮಾತ್ರ ದುಡ್ಡನ್ನು ನೀರಿಗೆ ಹಾಕಿದ ಹಾಗೆ. ನಾನು ಮೂರು ದರ್ಜೆ ಮಾಡಿದೆ. ಮುಖದ ಕ್ಲೋಸಪ್, ಬರಿಯ ಗೋಡೆಯಂಥ ಹಗುರ ಷಾಟುಗಳು 2400 ಫ್ರೇಮ್, ತಲಾ 45 ಸೆಕೆಂಡ್. ಮನೆಯೊಳಗಿನ ಮಧ್ಯಮ ಷಾಟುಗಳು 1700 ಫ್ರೇಮ್, ತಲಾ 90. ಅಡಿಕೆ ತೋಟದ ಭಾರೀ ಷಾಟುಗಳು 700 ಫ್ರೇಮ್, ತಲಾ 240. ಕೂಡಿದರೆ 119 ಗಂಟೆ. ಈ ಮಿತಿಗಳನ್ನು ಸ್ಟೋರಿಬೋರ್ಡಿನ ಮೇಲೇ ಬರೆದಿಟ್ಟೆ, ಮಾಡೆಲಿಂಗ್ ಶುರುವಾಗುವ ಮುಂಚೆ. ತೋಟಕ್ಕೆ ಇನ್ನೊಂದು ಷಾಟ್ ಬೇಕೆನಿಸಿದರೆ ಇನ್ನೊಂದು ತೋಟದ ಷಾಟ್ ಬಿಡಬೇಕು, ಅಷ್ಟೇ.

ಇನ್ನು ಅಳತೆ. ಹಿಂದೆ ನಾನು ಮಾಡುತ್ತಿದ್ದದ್ದು ಎಲ್ಲರೂ ಮಾಡುವುದೇ: ರೆಸಲ್ಯೂಷನ್ 25 ಪರ್ಸೆಂಟಿಗೆ ಇಳಿಸಿ ಒಂದು ಫ್ರೇಮ್ ತೆಗೆದು 16ರಿಂದ ಗುಣಿಸುವುದು. ಒಂದು ಕೋಣೆಯ ಷಾಟ್ ಹೀಗೆ 14 ಸೆಕೆಂಡ್ ಬಂತು, ಗುಣಿಸಿದರೆ 224. ಹೆದರಿ ಎರಡು ಕಿಟಕಿ, ಅರ್ಧ ಸಾಮಾನು ತೆಗೆದೆ. ಆಮೇಲೆ ತೆಗೆದುಹಾಕದ ಹಳೆಯ ಫೈಲನ್ನೇ ಪೂರ್ತಿ ಅಳತೆಯಲ್ಲಿ ಓಡಿಸಿದರೆ 89 ಸೆಕೆಂಡ್! ಆ ಸಾಮಾನೆಲ್ಲ ತೆಗೆಯಬೇಕಾಗಿಯೇ ಇರಲಿಲ್ಲ.

ಕಾರಣ ಇಷ್ಟು. ಫ್ರೇಮಿನ ಸಮಯ ಒಂದು ಅಂಕಿಯಲ್ಲ, ಎರಡು ಅಂಕಿಗಳ ಮೊತ್ತ. ದೃಶ್ಯವನ್ನು ಓದಿ, ಮಾಡಿಫೈಯರ್ ಲೆಕ್ಕಹಾಕಿ, ಕಿರಣ ಯಾವುದಕ್ಕೆ ತಾಗುತ್ತದೆಂದು ಬೇಗ ಹುಡುಕಲು ಬೇಕಾದ ಬಿವಿಎಚ್ ಪಟ್ಟಿ ಕಟ್ಟಿ, ಟೆಕ್ಸ್ಚರ್ ಕಾರ್ಡಿಗೆ ಏರಿಸುವ ತಯಾರಿ ಸಮಯ ಒಂದು. ಇದಕ್ಕೆ ಪಿಕ್ಸೆಲ್ ಎಷ್ಟಿದ್ದರೂ ಒಂದೇ. ಇನ್ನೊಂದು ಪ್ರತಿ ಪಿಕ್ಸೆಲ್ಲಿಗೂ ಕಿರಣಗಳನ್ನು ಬಿಟ್ಟು ಬೆಳಕು ಲೆಕ್ಕಹಾಕುವ ಸ್ಯಾಂಪಲ್ ಸಮಯ, ಪಿಕ್ಸೆಲ್ ಹೆಚ್ಚಿದಷ್ಟೂ ಹೆಚ್ಚುತ್ತದೆ. ಇವೆರಡನ್ನು ಬೇರ್ಪಡಿಸಲು ಒಂದೇ ಫ್ರೇಮನ್ನು 50 ಪರ್ಸೆಂಟಿನಲ್ಲೂ 100ರಲ್ಲೂ ತೆಗೆದರೆ ಸಾಕು. 50ರಲ್ಲಿ ಪಿಕ್ಸೆಲ್ ಕಾಲುಭಾಗ. ಆ ಕೋಣೆಗೆ 29 ಮತ್ತು 89 ಸೆಕೆಂಡ್ ಬಂತು. ವ್ಯತ್ಯಾಸ 60 ಎಂದರೆ ಮುಕ್ಕಾಲು ಪಾಲು ಪಿಕ್ಸೆಲ್ಲಿನ ಬೆಲೆ. ಹಾಗಾದರೆ ಪೂರ್ತಿ ಸ್ಯಾಂಪಲ್ ಸಮಯ 80, ತಯಾರಿ 9. ತಯಾರಿ ದೊಡ್ಡದಿದ್ದರೆ ಸ್ಯಾಂಪಲ್ ಎಷ್ಟು ಇಳಿಸಿದರೂ ಉಪಯೋಗವಿಲ್ಲ, ಸ್ಯಾಂಪಲ್ ದೊಡ್ಡದಿದ್ದರೆ ಮಾಡೆಲ್ ಕಡಿಮೆ ಮಾಡಿ ಹೆಚ್ಚು ಲಾಭವಿಲ್ಲ. ಕೈ ಎಲ್ಲಿ ಹಾಕಬೇಕು ಅನ್ನುವುದು ಇದರಿಂದಲೇ ಗೊತ್ತಾಗುತ್ತದೆ.

ಷಾಟಿನ ಉದ್ದಕ್ಕೂ ಸರಾಸರಿ ತಿಳಿಯಲು ಪ್ರತಿ ಇಪ್ಪತ್ತನೆಯ ಫ್ರೇಮ್ ತೆಗೆಯುತ್ತೇನೆ:

```
blender -b shot11.blend -o //test/f_#### -s 1 -e 168 -j 20 -a > shot11.log
grep "(Saving" shot11.log
```

`-s`, `-e`, `-j` ಮೂರೂ `-a`ಗಿಂತ ಮುಂಚೆಯೇ ಇರಬೇಕು. ಆಮೇಲೆ ಬರೆದರೆ ಬ್ಲೆಂಡರ್ ಅವನ್ನು ನೋಡುವ ಹೊತ್ತಿಗೆ ರೆಂಡರ್ ಮುಗಿದಿರುತ್ತದೆ. ಮೊದಲ ಫ್ರೇಮಿನ ಸಮಯವನ್ನು ಲೆಕ್ಕದಿಂದ ಬಿಟ್ಟುಬಿಡಿ. ಅದರಲ್ಲಿ ಕರ್ನಲ್ ಲೋಡ್ ಆಗುವ ಸಮಯವೂ ಸೇರಿರುತ್ತದೆ.

ಷಾಟ್ 11 ಅಡಿಕೆ ತೋಟದ್ದು, ಮಂಜು ಮುಸುಕಿದ ಬೆಳಗು, ಸುಮಾರು 600 ಮರ. ಮೊದಲ ಅಳತೆಯಲ್ಲಿ ಫ್ರೇಮಿಗೆ 410 ಸೆಕೆಂಡ್: ತಯಾರಿ 70, ಸ್ಯಾಂಪಲ್ 340. ಮಿತಿ ಇದ್ದದ್ದು 240.

ಮೊದಲು ಕೈಹಾಕಿದ್ದು 340ಕ್ಕೆ. ಸೋಗೆಗಳನ್ನು ಎಲ್ಲರ ಹಾಗೆ ಚಪ್ಪಟೆ ಪಟ್ಟಿಯ ಮೇಲೆ ಆಲ್ಫಾ ಚಿತ್ರ ಅಂಟಿಸಿ ಮಾಡಿದ್ದೆ. ಪಾಲಿಗನ್ ಕಡಿಮೆ, ಹಾಗಾಗಿ ಬೇಗ ಆಗುತ್ತದೆ ಅನ್ನುವ ನಂಬಿಕೆ. ಸೈಕಲ್ಸಿನಲ್ಲಿ ಇದು ಉಲ್ಟಾ. ಕಿರಣ ಪ್ರತಿ ಪಟ್ಟಿಗೆ ತಾಗಿದಾಗಲೂ ನಿಂತು, ಶೇಡರ್ ಓದಿ, ಇಲ್ಲಿ ಖಾಲಿ ಎಂದು ತಿಳಿದು ಮುಂದೆ ಹೋಗಬೇಕು. ತೋಟದಲ್ಲಿ ಒಂದು ಕಿರಣ ಹತ್ತು ಹನ್ನೆರಡು ಪಟ್ಟಿ ದಾಟುತ್ತದೆ, ನೆರಳಿನ ಕಿರಣಕ್ಕೂ ಅದೇ ಪಾಡು. ಪಟ್ಟಿ ತೆಗೆದು ಪ್ರತಿ ಗರಿಯನ್ನೂ ನಾಲ್ಕಾರು ತ್ರಿಕೋನದ ನಿಜವಾದ ಮೆಶ್ ಆಗಿ ಕತ್ತರಿಸಿದೆ. ಪಾಲಿಗನ್ ಎಷ್ಟೋ ಪಟ್ಟು ಏರಿತು, ಸ್ಯಾಂಪಲ್ ಸಮಯ 340ರಿಂದ 190ಕ್ಕೆ ಇಳಿಯಿತು. ಮಂಜಿಗೆ ಹಾಕಿದ್ದ ವಾಲ್ಯೂಮ್ ತೆಗೆದು ಮಿಸ್ಟ್ ಪಾಸಿನಿಂದ ಕಂಪೋಸಿಟರಿನಲ್ಲಿ ಬೆರೆಸಿದೆ, 130ಕ್ಕೆ ಬಂತು. ಮರಗಳ ನಡುವೆ ಬಿಸಿಲಿನ ಕೋಲು ಬೇಕಾದರೆ ಮಿಸ್ಟ್ ಸಾಲದು. ಈ ಷಾಟಿನಲ್ಲಿ ಬಿಸಿಲೇ ಇರಲಿಲ್ಲ, ಹಾಗಾಗಿ ನಡೆಯಿತು.

ಆಮೇಲೆ ತಯಾರಿಯ 70. ಮರಗಳನ್ನು ಶಿಫ್ಟ್ ಡಿ ಒತ್ತಿ ನಕಲು ಮಾಡಿದ್ದೆ, ಮೆಮೊರಿಯಲ್ಲಿ 600 ಬೇರೆಬೇರೆ ಮರ. ಐದೇ ಮಾದರಿ ಇಟ್ಟು ಉಳಿದವನ್ನೆಲ್ಲ ಅದೇ ಮೆಶ್ ಹಂಚಿಕೊಳ್ಳುವ ಇನ್‌ಸ್ಟೆನ್ಸ್ ಮಾಡಿ ತಿರುಗಿಸಿ, ಅಳತೆ ಬದಲಿಸಿದೆ. ಗಾಳಿಗೆ ಅಲುಗುವುದು ಕ್ಯಾಮೆರಾದ ಹತ್ತಿರದ ಎಂಟು ಮರ ಮಾತ್ರ, ಯಾಕೆಂದರೆ ರೂಪ ಬದಲಾಗುವ ಮೆಶ್‌ಗೆ ಪ್ರತಿ ಫ್ರೇಮಿಗೂ ಬಿವಿಎಚ್ ಹೊಸದಾಗಿ ಕಟ್ಟಬೇಕು, `Persistent Data` ಆನ್ ಇದ್ದರೂ ಅಷ್ಟೆ. ನಿಂತ ಮರಗಳಿಗೆ ಮಾತ್ರ ಅದು ನೆರವಿಗೆ ಬರುತ್ತದೆ. ತಯಾರಿ 22ಕ್ಕೆ ಇಳಿಯಿತು. ಒಟ್ಟು 152 ಸೆಕೆಂಡ್. ಮಿತಿಗಿಂತ ಉಳಿದ ಸಮಯದಲ್ಲಿ ಮುಂಭಾಗಕ್ಕೆ ಹುಲ್ಲು ಸೇರಿಸಿದೆ.

ಟೆಕ್ಸ್ಚರ್ ವಿಷಯದಲ್ಲಿ ಒಂದು ಎಚ್ಚರಿಕೆ. 4ಕೆ ಚಿತ್ರ ಡಿಸ್ಕಿನಲ್ಲಿ ಎಷ್ಟೇ ಸಣ್ಣದಿರಲಿ, ಕಾರ್ಡಿನಲ್ಲಿ ಬಿಚ್ಚಿಕೊಂಡಾಗ 4096×4096×4, ಅಂದರೆ 64 ಎಂಬಿ. ಒಂದು ಮೆಟೀರಿಯಲ್ಲಿಗೆ ನಾಲ್ಕು ಚಿತ್ರವಾದರೆ 256. 12 ಜಿಬಿ ತುಂಬಿದಾಗ ಯಾವಾಗಲೂ ಎರರ್ ಬರುವುದಿಲ್ಲ. ಟೆಕ್ಸ್ಚರ್ ಸುಮ್ಮನೆ ಸಿಸ್ಟಮ್ ರ‍್ಯಾಮಿಗೆ ಸರಿಯುತ್ತದೆ, ಫ್ರೇಮಿನ ಸಮಯ ಮೂರು ಪಟ್ಟಾಗುತ್ತದೆ. ಸಮಯ ಹಠಾತ್ತನೆ ಜಿಗಿದರೆ ಮೊದಲು `nvidia-smi` ನೋಡಿ. ಪರದೆಯ ಮೇಲೆ 300 ಪಿಕ್ಸೆಲ್ ಎತ್ತರ ಕಾಣುವ ಮರಕ್ಕೆ 512ರ ಚಿತ್ರ ಧಾರಾಳವಾಯಿತು.

ಸಮಯದ ಲೆಕ್ಕ ಸರಿಬಂದರೂ ಷಾಟ್ ಕೈಕೊಟ್ಟದ್ದು ಲಾಟೀನಿನ ದೃಶ್ಯದಲ್ಲಿ. 264 ಫ್ರೇಮ್, 64 ಸ್ಯಾಂಪಲ್, ಚಿತ್ರದ ಕಾಳುಕಾಳನ್ನು ಒರೆಸುವ ಓಪನ್‌ಇಮೇಜ್ ಡಿನಾಯ್ಸರ್, ತಲಾ 38 ಸೆಕೆಂಡ್. ಬಿಡಿ ಫ್ರೇಮ್ ನೋಡಿದರೆ ಕನ್ನಡಿಯ ಹಾಗೆ ಸ್ವಚ್ಛ. ಓಡಿಸಿದರೆ ಗೋಡೆಯ ಮೇಲೆ ಮಸಿಯಂಥ ಕಲೆಗಳು ಕುದಿಯುತ್ತಿದ್ದವು. ಸ್ಯಾಂಪಲ್ ಕಡಿಮೆ ಇರುವಾಗ ಉಳಿಯುವ ದೊಡ್ಡ ಕಲೆಯನ್ನು ಡಿನಾಯ್ಸರ್ ನಿಜವೆಂದೇ ತಿಳಿದು ಉಳಿಸುತ್ತದೆ, ಪ್ರತಿ ಫ್ರೇಮಿನಲ್ಲೂ ಕಲೆ ಬೇರೆ ಜಾಗದಲ್ಲಿ. ಕಿರಣಗಳ ಯಾದೃಚ್ಛಿಕ ಹಂಚಿಕೆ ನಿರ್ಧರಿಸುವ ಸೀಡ್ ಅಂಕಿಯನ್ನು ಸ್ಥಿರ ಮಾಡಿದರೆ ಕಲೆ ಪರದೆಗೇ ಅಂಟಿಕೊಂಡು, ಕ್ಯಾಮೆರಾ ಚಲಿಸುವಾಗ ಕೊಳಕು ಗಾಜಿನ ಹಿಂದಿನಿಂದ ನೋಡಿದಂತಾಗುತ್ತದೆ. ಸ್ಯಾಂಪಲ್ 400ಕ್ಕೆ ಏರಿಸಿದೆ. 95 ಸೆಕೆಂಡ್ ಆಯಿತು, ಕಲೆ ಪೂರ್ತಿ ಹೋಗಲಿಲ್ಲ.

ತಪ್ಪು ಇದ್ದದ್ದು ಲಾಟೀನಿನ ಗಾಜಿನಲ್ಲಿ. ನಿಜವಾದ ಗ್ಲಾಸ್ ಶೇಡರ್ ಹಾಕಿದ್ದರಿಂದ ಒಳಗಿನ ಜ್ವಾಲೆಗೆ ನೇರವಾಗಿ ಕಿರಣ ಕಳಿಸಲು ಸೈಕಲ್ಸಿಗೆ ದಾರಿಯಿಲ್ಲ. ಬೆಳಕೆಲ್ಲ ಗಾಜಿನಲ್ಲಿ ಬಾಗಿ ಬರುವ ಕಾಸ್ಟಿಕ್ ಆಗಿ, ಅದೃಷ್ಟದ ಮೇಲೆ ಬರುತ್ತಿತ್ತು. ಗಾಜಿನ `Ray Visibility` ಒಳಗೆ `Shadow` ಟಿಕ್ ತೆಗೆದೆ. 128 ಸ್ಯಾಂಪಲ್ಲಿನಲ್ಲಿ 52 ಸೆಕೆಂಡಿಗೆ ಗೋಡೆ ನಿಶ್ಚಲವಾಗಿ ನಿಂತಿತು. ಅಂದಿನಿಂದ ಪ್ರತಿ ಷಾಟಿಗೂ ಎರಡು ಟೆಸ್ಟ್: ಸಮಯಕ್ಕೆ ಬಿಟ್ಟುಬಿಟ್ಟು ಫ್ರೇಮ್, ಕಲೆಗೆ ಸತತವಾಗಿ 24 ಫ್ರೇಮ್. ಜ್ವಾಲೆ ನಡುಗುವಾಗ ಗೋಡೆಯ ಬೆಳಕು ನಡುಗುವುದನ್ನು ಮಾತ್ರ ನಾನು ರೆಂಡರಿನಲ್ಲಿ ಮಾಡಲಿಲ್ಲ. ಅದಕ್ಕೊಂದು ದಾರಿ ಹುಡುಕಿದ್ದೇನೆ, ಮುಂದಿನ ಚಿತ್ರ ಮುಗಿಯುವವರೆಗೆ ಅದು ನನ್ನ ಬಳಿಯೇ ಇರಲಿ.

ನಡುವೆ ಬೇರೆ ಪ್ರಯೋಗಗಳನ್ನೂ ಮಾಡಿದೆ. 75 ಪರ್ಸೆಂಟಿನಲ್ಲಿ ತೆಗೆದು ದೊಡ್ಡದು ಮಾಡಿದರೆ ಪಿಕ್ಸೆಲ್ 56 ಪರ್ಸೆಂಟ್ ಮಾತ್ರ. ಮುಖದ ಷಾಟುಗಳಲ್ಲಿ ಯಾರಿಗೂ ಗೊತ್ತಾಗಲಿಲ್ಲ, ಅಡಿಕೆ ಗರಿಯ ಅಂಚು ಮಾತ್ರ ಕೆಟ್ಟಿತು. ಅದೂ ಸ್ಯಾಂಪಲ್ ಸಮಯ ಉಳಿಸುತ್ತದೆಯೇ ಹೊರತು ತಯಾರಿಯನ್ನಲ್ಲ. ಕ್ಯಾಮೆರಾ ನಿಂತ ಷಾಟಿನಲ್ಲಿ ಪಾತ್ರವನ್ನು ಎರಡು ಫ್ರೇಮಿಗೊಂದು ಭಂಗಿಯಂತೆ ಅನಿಮೇಟ್ ಮಾಡಿ ಅರ್ಧ ಫ್ರೇಮ್ ಮಾತ್ರ ರೆಂಡರ್ ಮಾಡಿದೆ, ಚೆನ್ನಾಗಿ ಬಂತು. ಕ್ಯಾಮೆರಾ ಚಲಿಸಿದರೆ ಹಿನ್ನೆಲೆ ಕುಂಟುತ್ತದೆ.

ಕರೆಂಟ್. ಯುಪಿಎಸ್ ಹತ್ತು ನಿಮಿಷ ಕೊಡುತ್ತದೆ, ರಾತ್ರಿ ಅದು ಸಾಲದು. ಔಟ್‌ಪುಟ್ ಯಾವಾಗಲೂ ಬಿಡಿ ಚಿತ್ರಗಳು, `Overwrite` ಆಫ್. ಮತ್ತೆ ಅದೇ ಕಮಾಂಡ್ ಕೊಟ್ಟರೆ ನಿಂತಲ್ಲಿಂದ ಮುಂದುವರಿಯುತ್ತದೆ. `Placeholders` ಕೂಡ ಆಫ್ ಇರಲಿ. ಅದು ಹಲವು ಕಂಪ್ಯೂಟರ್ ಸೇರಿ ಕೆಲಸ ಮಾಡುವಾಗಿನದು; ಆನ್ ಇದ್ದರೆ ಕರೆಂಟ್ ಹೋದ ಫ್ರೇಮಿನ ಖಾಲಿ ಫೈಲ್ ಉಳಿದು, ಮರುದಿನ ಆ ಫ್ರೇಮ್ ಆಗಿದೆಯೆಂದು ಬ್ಲೆಂಡರ್ ದಾಟಿಹೋಗುತ್ತದೆ.

ಬಿಲ್ಲಿನ ಲೆಕ್ಕವನ್ನೂ ಬಿಡಬೇಡಿ. `nvidia-smi -pl 130` ಎಂದು ಕಾರ್ಡನ್ನು 170ರಿಂದ 130 ವ್ಯಾಟಿಗೆ ಕಟ್ಟಿಹಾಕಿದೆ. ವೇಗ ಎಂಟು ಪರ್ಸೆಂಟಿನಷ್ಟು ಕಮ್ಮಿಯಾಯಿತು, ಇಡೀ ಕಂಪ್ಯೂಟರ್ ಎಳೆಯುವುದು 210 ವ್ಯಾಟಿನ ಸುತ್ತ ನಿಂತಿತು. 270 ಗಂಟೆಗೆ 57 ಯೂನಿಟ್. ದೊಡ್ಡದೇನಲ್ಲ, ಆದರೆ ಮನೆಯ ಬಳಕೆ 160 ಇದ್ದರೆ ಒಟ್ಟು 217. ಗೃಹಜ್ಯೋತಿಯಲ್ಲಿ 200 ದಾಟಿದ ತಿಂಗಳು ಪೂರ್ತಿ ಬಿಲ್ ನಮ್ಮ ತಲೆಗೆ. ಹಾಗಾಗಿ ಮೀಟರ್ ಓದುವ ದಿನ ನೋಡಿಕೊಂಡು, ಹದಿನೈದು ರಾತ್ರಿ ಆ ಬಿಲ್ಲಿಗೆ, ಹದಿನಾಲ್ಕು ಈ ಬಿಲ್ಲಿಗೆ ಬರುವಂತೆ ಶುರು ಮಾಡಿದೆ.

119 ಗಂಟೆ ಅಂದುಕೊಂಡದ್ದು 124 ಆಯಿತು. ಹೆಚ್ಚಾದ ಐದರಲ್ಲಿ ಎರಡು ಗಂಟೆ ಷಾಟ್ 14 ಒಂದರದೇ. ಅಲ್ಲಿ ಕ್ಯಾಮೆರಾ ಒಂದು ಸೋಗೆಯನ್ನು ಉಜ್ಜಿಕೊಂಡು ಹೋಗುವ 16 ಫ್ರೇಮ್ ಇತ್ತು. ಬೆಳಕು ಹಾಯುವ ಎಲೆ ಪರದೆ ತುಂಬಿ, ತಲಾ ಒಂಬತ್ತು ನಿಮಿಷ ತಿಂದಿತು. ಇಪ್ಪತ್ತರ ಜಿಗಿತದ ಟೆಸ್ಟಿನಲ್ಲಿ ಆ ಹದಿನಾರೂ ನಡುವೆ ನುಸುಳಿಹೋಗಿದ್ದವು. ಈಗ ಕ್ಯಾಮೆರಾ ಯಾವುದಕ್ಕಾದರೂ ಹತ್ತಿರ ಹೋಗುವ ಷಾಟಿಗೆ `-j 6` ಹಾಕುತ್ತೇನೆ.