ಸ್ಮಾರ್ಟ್ ಅಲಾರಾಂ ಕಡೇ ನಿಮಿಷದವರೆಗೂ ಯಾಕೆ ಸುಮ್ಮನಿರುತ್ತೆ?

ತೋರಣಗಲ್ಲಿನಲ್ಲಿ ಬೆಳಿಗ್ಗೆ 6ರ ಶಿಫ್ಟ್ ಇದ್ದರೆ ನಾನು ಬಳ್ಳಾರಿಯಲ್ಲಿ 4:30ಕ್ಕೆ ಏಳಲೇಬೇಕು. ಗಾಢ ನಿದ್ದೆಯಲ್ಲಿ ಎಬ್ಬಿಸಿದರೆ ಬಸ್ಸು ಹತ್ತುವ ತನಕ ತಲೆ ಮಂಕಾಗಿರುತ್ತದೆ. ಅದಕ್ಕೇ ಸ್ಮಾರ್ಟ್ ಅಲಾರಾಂ ಆ್ಯಪ್ ಹಾಕಿಕೊಂಡೆ.

ಅದರಲ್ಲಿ ಸಮಯದ ಜತೆ ಒಂದು ಅವಧಿಯನ್ನೂ ಕೊಡಬೇಕು. ನಾನು ಇಟ್ಟಿದ್ದು 4:30, ಅವಧಿ 30 ನಿಮಿಷ. ಅಂದರೆ 4 ಗಂಟೆಯಿಂದಲೇ ಅದು ಕಾಯತೊಡಗುತ್ತದೆ. ನಾವು ಮಗ್ಗುಲು ಬದಲಿಸಿದರೆ ಹಾಸಿಗೆ ಅಲುಗುತ್ತದೆ, ದಿಂಬಿನ ಪಕ್ಕದ ಫೋನಿನ ಸೆನ್ಸರ್ ಅದನ್ನು ಹಿಡಿಯುತ್ತದೆ, ನಿದ್ದೆ ಹಗುರಾಗಿದೆ ಎಂದು ಬಗೆದು ಬಡಿಯುತ್ತದೆ. ಅಲುಗಾಟ ಸಿಗದಿದ್ದರೆ 4:30ಕ್ಕೆ ಹೇಗೂ ಬಡಿಯುತ್ತದೆ. ಹಾಗಾಗಿ ನಾವಿಡುವ ಹೊತ್ತು ಕಟ್ಟಕಡೆಯ ಗಡುವು. ಸ್ವಲ್ಪ ಮೊದಲೇ ಎಬ್ಬಿಸುತ್ತೆ ಬಿಡು ಎಂದು ಅದನ್ನು ಮುಂದಕ್ಕೆ ತಳ್ಳಿ ಇಟ್ಟವರಿಗೆ ಬಸ್ಸು ತಪ್ಪಿದ್ದೇ.

ಚಳಿಗಾಲದಲ್ಲಿ ಒಂದಿನ 4:10, ಇನ್ನೊಂದಿನ 4:20, ಹೀಗೆ ಚೆನ್ನಾಗಿಯೇ ನಡೆದಿತ್ತು. ಏಪ್ರಿಲ್ ಬಂತು. ನಮ್ಮೂರ ಸೆಕೆ ಗೊತ್ತಲ್ಲ, ಮಲಗುವುದು ಮಾಳಿಗೆಗೆ ಹೋಯಿತು. ಆಗಿನಿಂದ ದಿನಾ ಸರಿಯಾಗಿ 4:30ಕ್ಕೇ ಬಡಿಯತೊಡಗಿತು. ಆ್ಯಪಿನ ರಾತ್ರಿಯ ಗ್ರಾಫ್ ತೆಗೆದು ನೋಡಿದರೆ ಕಾರಣ ಅಲ್ಲೇ ಇತ್ತು: ಮಂಚದ ದಿನಗಳಲ್ಲಿ ಏರಿಳಿತ, ಮಾಳಿಗೆಯ ದಿನಗಳಲ್ಲಿ ಹೆಚ್ಚುಕಡಿಮೆ ನೇರ ಗೆರೆ. ಗಾದಿ ನಮ್ಮ ಅಲುಗಾಟವನ್ನು ಫೋನಿಗೆ ಮುಟ್ಟಿಸುತ್ತದೆ. ಕಾಂಕ್ರೀಟಿನ ಮೇಲೆ ಹಾಸಿದ ಚಾಪೆ ಮುಟ್ಟಿಸುವುದಿಲ್ಲ. ನಾನು ಎಷ್ಟು ಹೊರಳಾಡಿದರೂ ಅದರ ಲೆಕ್ಕದಲ್ಲಿ ಗಾಢ ನಿದ್ದೆಯೇ. ಪಕ್ಕದಲ್ಲಿ ಮಗು ಮಲಗಿದರೆ ಇದರ ತಿರುಗುಮುರುಗು. ಗಾದಿ ಮೇಲೆ ಮಗು ಒದ್ದಾಡಿದ್ದಕ್ಕೂ ನಮ್ಮನ್ನೇ ಎಬ್ಬಿಸುತ್ತದೆ.

ಕೈಗೆ ಕಟ್ಟುವ ಬ್ಯಾಂಡ್ ತಂದೆ. ಚಾಪೆಯ ತಕರಾರು ತೀರಿತು. ಆದರೂ ಕೆಲವು ದಿನ 4:30ರವರೆಗೆ ಸುಮ್ಮನಿರುತ್ತದೆ. ಗಾಢ ನಿದ್ದೆ ಹೆಚ್ಚಾಗಿ ರಾತ್ರಿಯ ಮೊದಲರ್ಧದಲ್ಲೇ ಮುಗಿದಿರುತ್ತದೆ. ಬೆಳಗಿನ ಜಾವ ಹೆಚ್ಚುವುದು ಕನಸಿನ ನಿದ್ದೆ, ಅಂದರೆ ರೆಮ್. ಆ ಹೊತ್ತಿನಲ್ಲಿ ಕಣ್ಣುಗುಡ್ಡೆ ಓಡಾಡುತ್ತಿದ್ದರೂ ಕೈಕಾಲಿನ ಸ್ನಾಯುಗಳು ಸಡಿಲಬಿದ್ದಿರುತ್ತವೆ. ಬರೀ ಚಲನೆ ನೋಡುವ ಸಾಧನಕ್ಕೆ ರೆಮ್ ಯಾವುದು, ಗಾಢ ನಿದ್ದೆ ಯಾವುದು ತಿಳಿಯುವುದಿಲ್ಲ. ನಾಡಿಬಡಿತವನ್ನೂ ನೋಡುವ ಬ್ಯಾಂಡ್ ವಾಸಿ, ಆದರೂ ಅದರದ್ದೂ ಅಂದಾಜೇ. ಖಚಿತವಾಗಿ ಹೇಳಲು ತಲೆಗೆ ತಂತಿ ಅಂಟಿಸಿ ಮಿದುಳಿನ ಅಲೆ ಅಳೆಯಬೇಕು. ಅವಧಿಯನ್ನು 45 ನಿಮಿಷಕ್ಕೆ ಏರಿಸಿದರೆ ಹಗುರ ನಿದ್ದೆ ಸಿಗುವ ಸಾಧ್ಯತೆ ಹೆಚ್ಚು, ನಿಜ. ಆದರೆ 3:45ಕ್ಕೆ ಎದ್ದು ನಾನೇನು ಮಾಡಲಿ?

ಇನ್ನೊಂದು, ಸದ್ದು ಮೆಲ್ಲಗೆ ಏರುವ ಸೆಟ್ಟಿಂಗ್. 4:30ಕ್ಕೆ ಶುರುವಾದ ಸದ್ದು ಮಾಳಿಗೆಯ ಫ್ಯಾನ್ ಗದ್ದಲದಲ್ಲಿ ಕಿವಿಗೆ ಬೀಳುವಷ್ಟರಲ್ಲಿ ಒಂದೆರಡು ನಿಮಿಷ ಕಳೆದಿರುತ್ತದೆ. "ಏಳ್ರಿ, ನಿಮ್ಮ ಫೋನು ಆಗಿಂದ ಹೊಡ್ಕೊಳಾಕತ್ತೈತಿ" ಅಂತ ಮನೆಯವಳು ಎಬ್ಬಿಸಿದ್ದೂ ಉಂಟು. ಈಗ ಆ ಏರಿಕೆಯನ್ನು ಅರ್ಧ ನಿಮಿಷಕ್ಕೆ ಇಳಿಸಿದ್ದೇನೆ, ಫೋನಿನ ಸಾದಾ ಗಡಿಯಾರದಲ್ಲೂ 4:33ಕ್ಕೆ ಒಂದು ಅಲಾರಾಂ ಇಟ್ಟಿದ್ದೇನೆ.