ರಾತ್ರಿ ಒಂಬತ್ತೂವರೆಗೆ ಮೂರು ಸಾಲು

ನಾನು ಕಲಬುರಗಿಯಲ್ಲಿ ರೂಮು ಮಾಡಿಕೊಂಡು ಪಿಡಿಒ ಪರೀಕ್ಷೆಗೆ ಓದುತ್ತಿದ್ದೆ. ನನ್ನ ಗೆಳೆಯ ಆಳಂದ ಹತ್ತಿರದ ತನ್ನ ಊರಲ್ಲೇ ಇದ್ದು ಓದುತ್ತಿದ್ದ. ದಿನಾ ರಾತ್ರಿ ಒಂಬತ್ತೂವರೆಗೆ ಅವತ್ತಿನ ಓದಿನ ಲೆಕ್ಕವನ್ನು ಒಬ್ಬರಿಗೊಬ್ಬರು ವಾಟ್ಸಾಪ್‌ನಲ್ಲಿ ಕಳಿಸಬೇಕು ಅಂತ ಮಾತಾಯಿತು.

ಮೊದಲ ವಾರ ಇಬ್ಬರೂ "ಇವತ್ತು ಛಲೋ ಓದೀನಿ" ಅಂತಲೇ ಬರೆದೆವು. ಅದರಿಂದ ಏನೂ ಗೊತ್ತಾಗಲಿಲ್ಲ. ಆಮೇಲೆ ಮೂರೇ ಸಾಲು ಅಂತ ಮಾಡಿಕೊಂಡೆವು:

ಹೇಳಿದ್ದು: ಶೇಕಡಾವಾರು 30 ಲೆಕ್ಕ
ಆಗಿದ್ದು: 18
ನಾಳೆ: ಬಡ್ಡಿ ಲೆಕ್ಕ 20

ಸಂಖ್ಯೆ ಇದ್ದರೆ ಮುಚ್ಚಿಡಲು ಜಾಗ ಇರಲ್ಲ. ಕಡಿಮೆ ಆಗಿದ್ದರೆ ಇನ್ನೊಬ್ಬ ಒಂದೇ ಪ್ರಶ್ನೆ ಕೇಳಬೇಕು: ಎಲ್ಲಿ ನಿಂತಿತು?

ತಪ್ಪಿಸಿದರೆ 50 ರೂಪಾಯಿ ದಂಡ ಅಂತಲೂ ಇಟ್ಟಿದ್ದೆವು. ಒಂದು ಸಂಜೆ ಅವನು ಏಳು ಗಂಟೆಗೇ 50 ರೂಪಾಯಿ ಫೋನ್‌ಪೇ ಮಾಡಿದ. ದುಡ್ಡು ಕೊಟ್ಟರೆ ರಜೆ ಸಿಗುತ್ತೆ ಅಂತಾಗಿಬಿಟ್ಟಿತ್ತು. ಅವತ್ತೇ ದಂಡ ತೆಗೆದೆವು.

ಅದರ ಬದಲು ಬಂದ ನಿಯಮ ಸರಳ. ಒಂದು ರಾತ್ರಿ ತಪ್ಪಿದರೆ ಬೆಳಿಗ್ಗೆ ಎಂಟರೊಳಗೆ "ನಿನ್ನೆ ಇಲ್ಲ, ಇವತ್ತು ಇಷ್ಟು" ಅಂತ ಕಳಿಸಬೇಕು. ಕಾರಣ ಬೇಕಿಲ್ಲ. ನಿನ್ನೆಯ ಬಾಕಿಯನ್ನು ಇವತ್ತಿನ ಮೇಲೆ ಹೇರಬಾರದು. ಸತತ ಎರಡು ರಾತ್ರಿ ತಪ್ಪಿದರೆ ಇನ್ನೊಬ್ಬ ಫೋನೇ ಮಾಡಬೇಕು, ಮೆಸೇಜ್ ಅಲ್ಲ.

ಇದರ ಬೆಲೆ ತೊಗರಿ ರಾಶಿ ಸಮಯದಲ್ಲಿ ತಿಳಿಯಿತು. ಸೋಮವಾರ ಅವನ ಮೆಸೇಜ್ ಬರಲಿಲ್ಲ. ಮರುದಿನ ಬೆಳಿಗ್ಗೆಯೂ ಇಲ್ಲ, ರಾತ್ರಿಯೂ ಇಲ್ಲ. ಬುಧವಾರ ಬೆಳಿಗ್ಗೆ ಫೋನ್ ಮಾಡಿದೆ.

"ಯಾಕಪಾ, ಎಲ್ಲಿದ್ದಿ?"

"ಹೊಲದಾಗ ರಾಶಿ ನಡದದ. ಎರಡೂ ದಿನದ್ದು ಮುಗಿಸಿ ಒಮ್ಮೆಲೇ ಕಳಸಬೇಕಂತ ಮಾಡಿದ್ದೆ."

ಓದು ನಿಂತಿದ್ದು ರಾಶಿಯಿಂದ. ಆದರೆ ಮೆಸೇಜ್ ನಿಂತಿದ್ದು ನಾಚಿಕೆಯಿಂದ. ಬಾಕಿ ಬೆಳೆದಷ್ಟೂ ಬರೆಯೋಕೆ ಕೈ ಬರಲ್ಲ, ಅಲ್ವಾ? "ಆ ಎರಡು ದಿನ ಬಿಟ್ಟುಬಿಡು, ರಾಶಿ ಮುಗಿಯೋತನಕ ದಿನಕ್ಕ ಹತ್ತೇ ಲೆಕ್ಕ ಮಾಡು" ಅಂದೆ. ಅವತ್ತು ರಾತ್ರಿ 7 ಅಂತ ಬಂತು. ಮರುದಿನ 10.

ಆ ಎರಡು ದಿನ ನಾನೂ ಇಳಿದಿದ್ದೆ. 25 ಇದ್ದದ್ದು ಮಂಗಳವಾರ 9ಕ್ಕೆ ಬಂದಿತ್ತು. ಅವನೇ ಕಳಿಸಿಲ್ಲ, ನಂದೇನು ಅವಸರ ಅಂತ ಕೂತಿದ್ದೆ. ಅದಕ್ಕೇ ಇನ್ನೊಂದು ಸೇರಿಸಿದೆವು: ಅವನದು ಬರಲಿ ಬಿಡಲಿ, ನನ್ನದು ಒಂಬತ್ತೂವರೆಗೆ ಹೋಗಬೇಕು. ರಜೆ ಬೇಕಿದ್ದರೆ ಹಿಂದಿನ ದಿನವೇ ಹೇಳಬೇಕು.

ಒಂದು ಮಿತಿ ಇದೆ. ಎಷ್ಟು ಮಾಡಿದೆವು ಅಂತ ಇದು ಹೇಳುತ್ತೆ, ಎಷ್ಟು ತಲೆಗೆ ಹೋಯಿತು ಅಂತ ಹೇಳಲ್ಲ. ಅದಕ್ಕೆ ಭಾನುವಾರ ಇಬ್ಬರೂ ಒಂದೇ ಹಳೆ ಪ್ರಶ್ನೆಪತ್ರಿಕೆ ಬರೆದು ಅಂಕ ಹೇಳಿಕೊಳ್ಳುತ್ತಿದ್ದೆವು.

ಮುಂದೆ ಶರಣಬಸವೇಶ್ವರ ಜಾತ್ರೆ ಬಂತು. "ನಾಳೆಯಿಂದ ಎರಡು ದಿನ ರಜೆ" ಅಂತ ಅವನು ಮೊದಲೇ ಕಳಿಸಿದ. "ಆಯ್ತು" ಅಂದೆ. ಆ ಎರಡೂ ರಾತ್ರಿ ನನ್ನ ಮೂರು ಸಾಲು ಹೋಗಿದ್ದವು.